ಬಿಳಿ ಚೌಕದ ಸ್ಟಿಕರ್, ಕುಣಿಯದ ಜಿಫ್, ಮಾಯವಾದ ಮೆಚ್ಚಿನವು: ಎಲ್ಲಿ ಕೆಟ್ಟಿತು ಅಂತ ಹುಡುಕುವ ಬಗೆ

ಅಕ್ಕನ ಮಗಳು ನಾಲಿಗೆ ಹೊರಚಾಚಿ ಅಣಕಿಸುವ ಒಂದು ಫೋಟೊ ನಮ್ಮ ಮನೆಯವರಿಗೆಲ್ಲ ಪ್ರೀತಿ. ಅದನ್ನೇ ಸ್ಟಿಕರ್ ಮಾಡಿ ಮನೆಯ ಗ್ರೂಪಿಗೆ ಹಾಕಿದೆ. ಎರಡು ನಿಮಿಷಕ್ಕೆ ಅಕ್ಕನ ಉತ್ತರ ಬಂತು: "ಇದು ಸ್ಟಿಕರ್ ಅಲ್ಲ ಕಣೋ, ಫೋಟೊ. ಸುತ್ತ ಬಿಳಿ ಡಬ್ಬ ಇದೆ."

ನನ್ನ ಫೋನಿನಲ್ಲಿ ಬಿಳಿ ಡಬ್ಬ ಕಾಣುತ್ತಿರಲಿಲ್ಲ. ಚಾಟ್‌ನ ಹಿನ್ನೆಲೆಯೇ ಬಿಳಿ ಇಟ್ಟುಕೊಂಡಿದ್ದೆ, ಹಾಗಾಗಿ ಗೊತ್ತಾಗಲಿಲ್ಲ. ಅಕ್ಕ ಡಾರ್ಕ್ ಮೋಡ್ ಬಳಸುತ್ತಾಳೆ. ಅವಳಿಗೆ ಕಪ್ಪು ಗೋಡೆಗೆ ಬಿಳಿ ಹಾಳೆ ಅಂಟಿಸಿದ ಹಾಗೆ ಕಂಡಿದೆ.

ಆಮೇಲೆ ಇಂಥ ತೊಂದರೆಗಳನ್ನು ಸುಮಾರು ನೋಡಿದ್ದೇನೆ, ನನ್ನದೂ ಬೇರೆಯವರದೂ. ಮುಕ್ಕಾಲು ಪಾಲು ಒಂದೇ ಜಾತಿಯವು. ಸ್ಟಿಕರ್ ಅನ್ನುವುದು ಒಂದು ಫೈಲು. ಅದು ನಾಲ್ಕೈದು ಕೈ ದಾಟಿ ಚಾಟ್‌ಗೆ ಬರುತ್ತದೆ: ಫೋಟೊ, ಕತ್ತರಿಸುವ ಟೂಲ್, ಗ್ಯಾಲರಿ, ಚಾಟ್ ಆಪ್, ಎದುರಿನವರ ಫೋನ್. ಯಾವುದೋ ಒಂದು ಕೈಯಲ್ಲಿ ಅದರ ಗುಣ ಬದಲಾಗಿರುತ್ತದೆ. ಆ ಕೈ ಯಾವುದು ಅಂತ ಗೊತ್ತಾದರೆ ಸರಿ ಮಾಡುವುದು ದೊಡ್ಡ ಕೆಲಸವಲ್ಲ. ಆಪ್ ತೆಗೆದು ಮತ್ತೆ ಹಾಕುವುದು, ಫೋನ್ ರೀಸ್ಟಾರ್ಟ್ ಮಾಡುವುದು ಇವೆಲ್ಲ ಇಲ್ಲಿ ಬಹಳ ಸಲ ದಂಡ. ಆಪ್ ತೆಗೆದು ಹಾಕಿದರೆ ಇದ್ದ ಮೆಚ್ಚಿನವೂ ಹೋಗುವ ಅಪಾಯ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಕೇಳಬೇಕಾದ್ದು: ಇದು ನಿಜಕ್ಕೂ ಸ್ಟಿಕರ್ ಆಗಿ ಹೋಗಿದೆಯಾ?

ಬಿಳಿ ಚೌಕ ಕಂಡರೆ ಮೊದಲು ಆ ಸಂದೇಶದ ಮೇಲೆ ಒಂದು ಸಲ ತಟ್ಟಿ. ಚಿತ್ರ ಇಡೀ ಪರದೆ ತುಂಬಿ ತೆರೆದುಕೊಂಡು, ಬೆರಳಲ್ಲಿ ಹಿಗ್ಗಿಸಲು ಆದರೆ ಅದು ಫೋಟೊ. ಮೆಚ್ಚಿನವಕ್ಕೆ ಸೇರಿಸಿ ಎನ್ನುವ ಆಯ್ಕೆ ಇರುವ ಸಣ್ಣ ಕಿಟಕಿ ಬಂದರೆ ಅದು ಸ್ಟಿಕರ್. ಇದೊಂದು ಪರೀಕ್ಷೆ ಅರ್ಧ ದಾರಿ ಉಳಿಸುತ್ತದೆ.

ಫೋಟೊ ಆಗಿ ಹೋಗಿದ್ದರೆ ಕಾರಣ ಸರಳ. ನೀವು ಕತ್ತರಿಸಿದ ಚಿತ್ರವನ್ನು ಗ್ಯಾಲರಿಗೆ ಸೇವ್ ಮಾಡಿ, ಆಮೇಲೆ ಚಾಟ್‌ನಲ್ಲಿ ಅಟ್ಯಾಚ್ ಗುರುತು ಒತ್ತಿ ಗ್ಯಾಲರಿಯಿಂದ ಆರಿಸಿದ್ದೀರಿ. ಆ ದಾರಿಯಲ್ಲಿ ಹೋಗುವ ಚಿತ್ರವನ್ನು ಚಾಟ್ ಆಪ್ ಫೋಟೊ ಅಂತಲೇ ತಿಳಿಯುತ್ತದೆ. ಗಾತ್ರ ಇಳಿಸಿ ಜೆಪೆಗ್ ಮಾಡಿ ಕಳಿಸುತ್ತದೆ. ಜೆಪೆಗ್‌ನಲ್ಲಿ ಪಾರದರ್ಶಕ ಅನ್ನುವುದೇ ಇಲ್ಲ. ಪ್ರತಿ ಚುಕ್ಕಿಗೂ ಒಂದು ಬಣ್ಣ ಇರಲೇಬೇಕು. ಖಾಲಿ ಇದ್ದ ಜಾಗಕ್ಕೆ ಕೆಲವು ಸಲ ಬಿಳಿ ತುಂಬುತ್ತದೆ, ಕೆಲವು ಸಲ ಕಪ್ಪು. ಬಣ್ಣ ಯಾವುದೇ ಇರಲಿ, ರೋಗ ಒಂದೇ.

ಇದಕ್ಕೆ ಮದ್ದು: ಗ್ಯಾಲರಿಯ ದಾರಿ ಬಿಟ್ಟು, ಚಾಟ್ ಆಪ್‌ನ ಸ್ಟಿಕರ್ ತಟ್ಟೆಯೊಳಗಿಂದಲೇ ಹೊಸ ಸ್ಟಿಕರ್ ಮಾಡಿ. ಈಗಿನ ಹೆಚ್ಚಿನ ಆಪ್‌ಗಳಲ್ಲಿ ಸ್ಟಿಕರ್ ಟ್ಯಾಬಿನ ಮೊದಲಲ್ಲೇ ಪ್ಲಸ್ ಗುರುತು ಅಥವಾ ರಚಿಸಿ ಎನ್ನುವ ಬಟನ್ ಇರುತ್ತದೆ. ಅಲ್ಲಿಂದ ಫೋಟೊ ಆರಿಸಿದರೆ ಅದು ಸ್ಟಿಕರ್ ಆಗಿಯೇ ಹೋಗುತ್ತದೆ.

ಸ್ಟಿಕರ್ ಆಗಿಯೇ ಹೋಗಿದೆ, ಆದರೂ ಚೌಕ ಇದೆ ಅಂದರೆ ಚೌಕ ಅದಕ್ಕೂ ಮೊದಲೇ ಫೈಲಿನೊಳಗೆ ಸೇರಿಕೊಂಡಿದೆ. ನನ್ನ ಕೇಸ್ ಇದೇ. ನಾನು ಕತ್ತರಿಸುವ ಟೂಲಿನಲ್ಲಿ ಚಿತ್ರ ಮುಗಿಸಿ, ಸೇವ್ ಮಾಡಲು ಸೋಮಾರಿತನ ಮಾಡಿ ಸ್ಕ್ರೀನ್‌ಶಾಟ್ ತೆಗೆದಿದ್ದೆ. ಸ್ಕ್ರೀನ್‌ಶಾಟ್ ಅಂದರೆ ಪರದೆಯ ಫೋಟೊ. ಪರದೆಯಲ್ಲಿ ಖಾಲಿ ಅನ್ನುವ ಜಾಗ ಇರುವುದಿಲ್ಲ, ಅಲ್ವಾ? ಆ ಫೈಲನ್ನೇ ತಂದು ಸ್ಟಿಕರ್ ಮಾಡಿದೆ. ಚೌಕ ಸಮೇತ ಸ್ಟಿಕರ್ ಆಯಿತು.

ಇದೇ ಜಾತಿಯ ಇನ್ನೊಂದು ಮೋಸ ಬೂದು-ಬಿಳಿ ಚೌಕಳಿ. ಕತ್ತರಿಸುವ ಟೂಲುಗಳು ಖಾಲಿ ಜಾಗವನ್ನು ಚೆಸ್ ಹಾಸಿನ ಹಾಗೆ ಸಣ್ಣ ಚೌಕಗಳಲ್ಲಿ ತೋರಿಸುತ್ತವೆ. ಅದು ಬರೀ ಗುರುತು. ಆದರೆ ನೆಟ್‌ನಲ್ಲಿ ಪಾರದರ್ಶಕ ಅಂತ ಸಿಗುವ ಎಷ್ಟೋ ಚಿತ್ರಗಳಲ್ಲಿ ಆ ಚೌಕಳಿಯೇ ಚಿತ್ರದ ಭಾಗವಾಗಿರುತ್ತದೆ. ಯಾರೋ ನನ್ನ ಹಾಗೇ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ. ಗ್ಯಾಲರಿಯಲ್ಲಿ ತೆರೆದಾಗಲೂ ಚೌಕಳಿ ಕಂಡರೆ ಆ ಫೈಲನ್ನು ಬಿಡಿ, ಅದನ್ನು ಮೊದಲಿಂದ ಕತ್ತರಿಸಬೇಕು.

ಫೈಲಿನ ಹೆಸರೂ ಸುಳಿವು ಕೊಡುತ್ತದೆ. ಕೊನೆಯಲ್ಲಿ `.jpg` ಇದ್ದರೆ ಪಾರದರ್ಶಕ ಆಗಿರಲು ಸಾಧ್ಯವೇ ಇಲ್ಲ, ಮುಂದೆ ನೋಡುವುದು ಬೇಡ. `.png` ಅಥವಾ `.webp` ಇದ್ದರೆ ಆಗಿರಬಹುದು, ಆಗಿರಲೇಬೇಕು ಅಂತಿಲ್ಲ. `.jpg` ಅನ್ನು `.png` ಅಂತ ಹೆಸರು ಬದಲಿಸಿದರೆ ಏನೂ ಆಗುವುದಿಲ್ಲ. ಡಬ್ಬಿಯ ಮೇಲೆ ಸಕ್ಕರೆ ಅಂತ ಬರೆದ ಮಾತ್ರಕ್ಕೆ ಒಳಗಿನ ಉಪ್ಪು ಸಿಹಿಯಾಗುತ್ತದೆಯೇ?

ಕಂಪ್ಯೂಟರ್ ಬಳಸುವವರಿಗೆ ಖಚಿತ ಪರೀಕ್ಷೆ ಒಂದಿದೆ. ವೆಬ್‌ಪಿ ಟೂಲುಗಳ ಜೊತೆ ಬರುವ ಒಂದು ಕಮಾಂಡ್ ಫೈಲಿನ ಒಳಗನ್ನು ಬಿಚ್ಚಿ ಹೇಳುತ್ತದೆ:

```
webpinfo nalige.webp
```

ಉತ್ತರದಲ್ಲಿ `Alpha: 1` ಅಂತ ಇದ್ದರೆ ಪಾರದರ್ಶಕ ಪದರ ಇದೆ. `Animation: 1` ಇದ್ದರೆ ಅದು ಚಲಿಸುವ ಸ್ಟಿಕರ್. ಅಳತೆಯೂ ಅಲ್ಲೇ ಕಾಣುತ್ತದೆ. ನನ್ನ ಸ್ಕ್ರೀನ್‌ಶಾಟ್‌ನಿಂದ ಹುಟ್ಟಿದ ಫೈಲಿನಲ್ಲಿ ಪಾರದರ್ಶಕ ಪದರದ ಸುಳಿವೇ ಇರಲಿಲ್ಲ. ಅಲ್ಲಿಗೆ ಚಾಟ್ ಆಪ್ ಮೇಲಿನ ಅನುಮಾನ ಮುಗಿಯಿತು, ತಪ್ಪು ನನ್ನದೇ.

ಸರಿಯಾದ ಪಿಎನ್‌ಜಿ ಕೈಯಲ್ಲಿದ್ದರೆ, ಅದು ಚೌಕಾಕಾರವೂ ಆಗಿದ್ದರೆ, ಸ್ಟಿಕರ್ ಅಳತೆಗೆ ತರಲು ಇಷ್ಟು ಸಾಕು:

```
cwebp -q 70 -resize 512 512 nalige.png -o nalige.webp
```

ಚಿತ್ರ ಚೌಕಾಕಾರ ಇಲ್ಲದಿದ್ದರೆ ಈ ಕಮಾಂಡ್ ಅದನ್ನು ಎಳೆದು ಚೌಕ ಮಾಡುತ್ತದೆ, ಮುಖ ಚಪ್ಪಟೆ ಆಗುತ್ತದೆ. ಮೊದಲು ಸುತ್ತ ಖಾಲಿ ಜಾಗ ಸೇರಿಸಿ ಚೌಕ ಮಾಡಿಕೊಳ್ಳಿ.

ಕತ್ತರಿಸುವಾಗ ಕಿವಿ ಹೋಯಿತು, ಕುರ್ಚಿ ಉಳಿಯಿತು

ಇದು ಬೇರೆ ಜಾತಿಯ ದೋಷ. ಆಪ್ ತಾನಾಗಿಯೇ ಮುಖ್ಯ ವ್ಯಕ್ತಿಯನ್ನು ಗುರುತಿಸಿ ಸುತ್ತ ಕತ್ತರಿಸುತ್ತದೆ. ಐಫೋನ್‌ನಲ್ಲಿ ಫೋಟೊ ಮೇಲೆ ಬೆರಳು ಒತ್ತಿ ಹಿಡಿದರೆ ಆಕೃತಿ ಎದ್ದು ಬರುವ ಸೌಲಭ್ಯ 2022ರ ಐಒಎಸ್ 16ರಿಂದ ಇದೆ. ವಾಟ್ಸ್ಆಪ್‌ನ ಒಳಗೇ ಫೋಟೊದಿಂದ ಸ್ಟಿಕರ್ ಮಾಡುವುದು ಐಫೋನ್‌ಗೆ 2024ರಲ್ಲಿ ಬಂತು, ಅದಕ್ಕೆ ಐಒಎಸ್ 17 ಬೇಕು. ಹಳೆಯ ಐಒಎಸ್ ಇರುವವರು "ನನ್ನ ಫೋನಿನಲ್ಲಿ ಆ ಬಟನ್ನೇ ಇಲ್ಲ" ಅಂದರೆ ಅದು ಹಾಳಾಗಿಲ್ಲ, ಆ ಫೋನಿಗೆ ಬಂದೇ ಇಲ್ಲ.

ಬಟನ್ ಇದೆ, ಕತ್ತರಿಸುವುದೂ ಆಗುತ್ತದೆ, ಆದರೆ ತಪ್ಪಾಗಿ ಆಗುತ್ತದೆ ಅನ್ನುವವರು ಮೊದಲು ಬೇರೊಂದು ಫೋಟೊ ಹಾಕಿ ನೋಡಿ. ಖಾಲಿ ಗೋಡೆಯ ಮುಂದೆ ಒಂದು ಲೋಟ ಇಟ್ಟು ಬೆಳಕಿನಲ್ಲಿ ಫೋಟೊ ತೆಗೆದು ಅದನ್ನೇ ಕತ್ತರಿಸಿ. ಲೋಟ ಚೆನ್ನಾಗಿ ಬಂದರೆ ಟೂಲ್ ಸರಿ ಇದೆ, ತೊಂದರೆ ನಿಮ್ಮ ಫೋಟೊದಲ್ಲಿದೆ. ಲೋಟವೂ ಕೆಟ್ಟು ಬಂದರೆ ಮಾತ್ರ ಆಪ್ ಅಪ್‌ಡೇಟ್ ಕಡೆ ಹೋಗಿ.

ನಮ್ಮ ಪುಟ್ಟಿಯ ಫೋಟೊದಲ್ಲಿ ಅವಳ ಗುಂಗುರು ಕೂದಲು ಕಪ್ಪು, ಹಿಂದಿದ್ದ ಪರದೆ ಕಡು ನೀಲಿ, ಬೆಳಕು ಸಂಜೆಯದು. ಟೂಲ್‌ಗೆ ಕೂದಲು ಎಲ್ಲಿ ಮುಗಿದು ಪರದೆ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗಲಿಲ್ಲ. ಒಂದು ಕಡೆ ಕೂದಲು ಬೋಳಿಸಿದ ಹಾಗೆ ಕತ್ತರಿಸಿತು, ಇನ್ನೊಂದು ಕಡೆ ಪರದೆಯ ಒಂದು ತುಂಡನ್ನು ಜುಟ್ಟಿನ ಹಾಗೆ ಉಳಿಸಿತು. ನಾನು ಫೋಟೊ ಎಡಿಟರಿನಲ್ಲಿ ಬೆಳಕು ಹೆಚ್ಚಿಸಿ, ನೆರಳಿನ ಭಾಗ ಎತ್ತಿ, ಆ ಪ್ರತಿಯನ್ನು ಕತ್ತರಿಸಲು ಕೊಟ್ಟೆ. ಗಡಿ ಎಷ್ಟೋ ಸರಿಯಾಯಿತು. ಬಣ್ಣ ಸ್ವಲ್ಪ ಮಂಕಾಯಿತು ಅನ್ನಿ. ಸ್ಟಿಕರ್ ಗಾತ್ರದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಇಬ್ಬರು ಅಂಟಿಕೊಂಡು ನಿಂತಿದ್ದರೆ ಟೂಲ್ ಇಬ್ಬರನ್ನೂ ಒಂದೇ ಆಕೃತಿ ಅಂದುಕೊಳ್ಳಬಹುದು. ಆಗ ಮೊದಲು ಫೋಟೊವನ್ನೇ ಬೇಕಾದವರ ಸುತ್ತ ಕ್ರಾಪ್ ಮಾಡಿ, ಆಮೇಲೆ ಸ್ಟಿಕರಿಗೆ ಕೊಡಿ. ಬೇರೆಯವರ ತುಂಡು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಅದೂ ಆಗದಿದ್ದರೆ ಬೆರಳಲ್ಲಿ ಗೆರೆ ಎಳೆದು ಕತ್ತರಿಸುವ ಆಯ್ಕೆ ಇರುವ ಟೂಲ್ ಹಿಡಿಯಿರಿ. ಗಡಿಗಿಂತ ಸ್ವಲ್ಪ ಒಳಗೇ ಎಳೆಯಿರಿ. ಹೊರಗೆ ಎಳೆದರೆ ಹಳೆಯ ಹಿನ್ನೆಲೆಯ ಬಣ್ಣ ತೆಳ್ಳಗೆ ಅಂಟಿಕೊಂಡು, ಡಾರ್ಕ್ ಮೋಡ್‌ನಲ್ಲಿ ಕೊಳಕು ಅಂಚಿನ ಹಾಗೆ ಕಾಣುತ್ತದೆ.

ಮಬ್ಬು ಸ್ಟಿಕರ್: ಒಂದು ಸಣ್ಣ ಲೆಕ್ಕ

ವಾಟ್ಸ್ಆಪ್ ಸ್ಟಿಕರಿನ ಅಳತೆ 512 × 512 ಪಿಕ್ಸೆಲ್. ಸುತ್ತಲೂ 16 ಪಿಕ್ಸೆಲ್ ಅಂಚು ಬಿಡಿ ಅಂತ ಅವರೇ ಹೇಳುತ್ತಾರೆ. ಅಂದರೆ ಆಕೃತಿಗೆ ಸಿಗುವುದು 480. ಈಗ ನಿಮ್ಮ ಫೋಟೊ ನೋಡಿ. ಗ್ರೂಪಿನಿಂದ ಇಳಿಸಿಕೊಂಡ 1600 × 1200ರ ಒಂದು ಗುಂಪು ಫೋಟೊ ಅಂತ ಇಟ್ಟುಕೊಳ್ಳಿ. ಅದರಲ್ಲಿ ಒಬ್ಬರ ಮುಖ ಅಗಲದ ಹತ್ತನೇ ಒಂದು ಭಾಗ ಇದ್ದರೆ 160 ಪಿಕ್ಸೆಲ್ ಆಯಿತು. ಅದನ್ನು 480ಕ್ಕೆ ಹಿಗ್ಗಿಸಿದರೆ ಮೂರು ಪಟ್ಟು. ಮಬ್ಬಾಗದೆ ಇನ್ನೇನಾಗುತ್ತದೆ? ಯಾವ ಆಪ್ ಹಾಕಿದರೂ ಇಲ್ಲದ ವಿವರ ಎಲ್ಲಿಂದ ತರುವುದು?

ಹಾಗಾಗಿ ಫೋಟೊ ತೆಗೆದವರ ಹತ್ತಿರವೇ ಮೂಲ ಪ್ರತಿ ಕೇಳಿ. ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಆಗ ಆಪ್ ಅದನ್ನು ಕುಗ್ಗಿಸುವುದಿಲ್ಲ.

ಸ್ಟಿಕರ್ ಪ್ಯಾಕ್ ಮಾಡುವವರಿಗೆ ಇನ್ನೊಂದು ಮಿತಿ ತಾಗುತ್ತದೆ. ಚಲಿಸದ ಸ್ಟಿಕರ್ 100 ಕೆಬಿಗಿಂತ ಭಾರ ಇರಬಾರದು. ಒಂದು ಪ್ಯಾಕಿನಲ್ಲಿ ಕನಿಷ್ಠ 3, ಹೆಚ್ಚೆಂದರೆ 30 ಸ್ಟಿಕರ್ ಇರಬೇಕು. ಎರಡೇ ಸ್ಟಿಕರ್ ಮಾಡಿ "ಪ್ಯಾಕ್ ಸೇರುತ್ತಿಲ್ಲ" ಅಂತ ತಲೆ ಕೆರೆದುಕೊಳ್ಳುವವರನ್ನು ನೋಡಿದ್ದೇನೆ. ಮೂರನೆಯದು ಹಾಕಿದ ಕೂಡಲೇ ಸೇರಿತು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಸ್ಟಿಕರ್ ಮೇಲೆ ಅಕ್ಷರ ಹಾಕುವಾಗ ಒತ್ತಕ್ಷರ ಕೆಳಗೆ ಇಳಿಯುತ್ತದೆ ಅನ್ನುವುದನ್ನು ಎಷ್ಟೋ ಟೂಲುಗಳು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. "ಅಯ್ಯೋ" ಅಂತ ಬರೆದು ಕೆಳ ಅಂಚಿಗೆ ತಳ್ಳಿದೆ. ಬಂದದ್ದು "ಅಯೋ". ಯ ಒತ್ತು ಅಂಚಿನ ಆಚೆ ಹೋಗಿ ಕತ್ತರಿಸಿಹೋಗಿತ್ತು. ಸಾಲನ್ನು ಒಂದು ಬೆರಳಿನಷ್ಟು ಮೇಲೆ ಎತ್ತಿದರೆ ಸರಿಹೋಗುತ್ತದೆ. ಎರಡು ಪದಕ್ಕಿಂತ ಜಾಸ್ತಿ ಬರೆಯದಿರುವುದೇ ವಾಸಿ. ಚಾಟ್‌ನಲ್ಲಿ ಕಾಣುವ ಗಾತ್ರಕ್ಕೆ ಒತ್ತುಗಳೆಲ್ಲ ಇರುವೆ ಸಾಲಿನ ಹಾಗೆ ಕಾಣುತ್ತವೆ.

ಕುಣಿಯಬೇಕಾದ್ದು ಕಲ್ಲಾಗಿ ಕೂತರೆ

ಇಲ್ಲಿ ಎರಡು ಬೇರೆ ವಸ್ತುಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಚಲಿಸುವ ಸ್ಟಿಕರ್ ಒಂದು, ಜಿಫ್ ಇನ್ನೊಂದು.

ಜಿಫ್ ಅನ್ನುವ ಫೈಲಿನ ಬಗೆ 1987ರದು. ಒಂದು ಚೌಕಟ್ಟಿಗೆ 256 ಬಣ್ಣ ಮಾತ್ರ. ಇಂದಿನ ಚಾಟ್ ಆಪ್‌ಗಳು ಜಿಫ್ ಅಂತ ತೋರಿಸುವುದು ಬಹಳ ಸಲ ಆ ಫೈಲೇ ಅಲ್ಲ. ಅದು ಶಬ್ದ ಇಲ್ಲದ ಪುಟ್ಟ ಎಂಪಿ4 ವಿಡಿಯೊ, ತಾನಾಗಿ ಸುತ್ತು ಹೊಡೆಯುವಂತೆ ಗುರುತು ಹಾಕಿರುತ್ತಾರೆ. ಟೆಲಿಗ್ರಾಂ 2016ರಿಂದಲೇ ಹೀಗೆ ಬದಲಿಸಿ ಕಳಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್ಆಪ್‌ನ `WhatsApp Animated Gifs` ಫೋಲ್ಡರ್ ತೆರೆದು ನೋಡಿ, ಒಳಗೆ ಇರುವುದೆಲ್ಲ `.mp4`.

ಇದು ತಿಳಿದರೆ ಒಂದು ಸಾಮಾನ್ಯ ದೂರಿಗೆ ಉತ್ತರ ಸಿಗುತ್ತದೆ. "ಜಿಫ್ ಸೇವ್ ಮಾಡಿ ಬೇರೆಯವರಿಗೆ ಕಳಿಸಿದೆ, ಅವರಿಗೆ ಪ್ಲೇ ಬಟನ್ ಇರುವ ವಿಡಿಯೊ ಹೋಯಿತು." ಹೌದು, ಗ್ಯಾಲರಿಗೆ ಇಳಿದಾಗ ಸುತ್ತು ಹೊಡೆಯುವ ಗುರುತು ಬಿದ್ದುಹೋಯಿತು, ಬರೀ ವಿಡಿಯೊ ಉಳಿಯಿತು. ಗ್ಯಾಲರಿಗೆ ಇಳಿಸದೆ ಚಾಟ್‌ನಿಂದಲೇ ಫಾರ್ವರ್ಡ್ ಮಾಡಿ, ಗುರುತು ಜೊತೆಗೇ ಹೋಗುತ್ತದೆ. ಇಳಿಸಿಯಾಗಿದ್ದರೆ ವಾಟ್ಸ್ಆಪ್‌ನಲ್ಲಿ ಆ ವಿಡಿಯೊ ಕಳಿಸುವ ಮೊದಲಿನ ಪರದೆಯಲ್ಲಿ ಕೆಲವೇ ಸೆಕೆಂಡಿಗೆ ಕತ್ತರಿಸಿ. ಆಗ `GIF` ಎನ್ನುವ ಬಟನ್ ಎದ್ದು ಬರುತ್ತದೆ, ಅದನ್ನು ಒತ್ತಿ ಕಳಿಸಿ. ವಿಡಿಯೊ ಉದ್ದವಿದ್ದರೆ ಆ ಬಟನ್ ಕಾಣುವುದೇ ಇಲ್ಲ. ಬಟನ್ ಕಾಣೆಯಾಗಿದೆ ಅನ್ನುವ ದೂರಿಗೂ ಕಾರಣ ಇದೇ.

ಇನ್ನೊಂದು ದೂರು: ಜಿಫ್ ಅನ್ನು ಸ್ಟಿಕರ್ ಮಾಡಿದರೆ ಹಿನ್ನೆಲೆ ಹೋಗುವುದಿಲ್ಲ. ಈ ಎಂಪಿ4 ವಿಡಿಯೊಗಳಲ್ಲೂ ಪಾರದರ್ಶಕ ಜಾಗಕ್ಕೆ ಅವಕಾಶ ಇಲ್ಲ. ನಿಜವಾದ ಹಳೆ ಜಿಫ್‌ನಲ್ಲಿ ಅವಕಾಶ ಇದೆ, ಆದರೆ ಒಂದು ಚುಕ್ಕಿ ಪೂರ್ತಿ ಖಾಲಿ ಇಲ್ಲವೇ ಪೂರ್ತಿ ತುಂಬಿರಬೇಕು, ನಡುವಿನ ಹದ ಇಲ್ಲ. ಅದಕ್ಕೇ ಜಿಫ್‌ನಿಂದ ಮಾಡಿದ ಸ್ಟಿಕರುಗಳ ಅಂಚು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಇದು ನಿಮ್ಮ ತಪ್ಪಲ್ಲ, ದುರಸ್ತಿಯೂ ಇಲ್ಲ.

ಈಗ ಚಲಿಸುವ ಸ್ಟಿಕರ್. ನೀವೇ ಸಣ್ಣ ವಿಡಿಯೊದಿಂದ ಮಾಡಿದ್ದೀರಿ, ಆಪ್ ಬೇಡ ಅನ್ನುತ್ತಿದೆ. ವಾಟ್ಸ್ಆಪ್‌ನ ಮಿತಿ 500 ಕೆಬಿ, ಒಟ್ಟು ಉದ್ದ 10 ಸೆಕೆಂಡಿನ ಒಳಗೆ. ಉದ್ದಕ್ಕಿಂತ ಭಾರವೇ ಬಹಳ ಸಲ ಅಡ್ಡಬರುವುದು. ಫೋನ್ ವಿಡಿಯೊ ಸೆಕೆಂಡಿಗೆ 30 ಚಿತ್ರದ ಲೆಕ್ಕದಲ್ಲಿ ಇರುತ್ತದೆ. ಮೂರು ಸೆಕೆಂಡಿಗೆ 90 ಚಿತ್ರ. 500 ಕೆಬಿಯನ್ನು 90ಕ್ಕೆ ಹಂಚಿದರೆ ಒಂದಕ್ಕೆ ಐದೂವರೆ ಕೆಬಿ, ಅಷ್ಟರಲ್ಲಿ ಒಂದು ಮುಖ ಚೆನ್ನಾಗಿ ಬರುವುದು ಕಷ್ಟ. ಸೆಕೆಂಡಿಗೆ 10 ಚಿತ್ರಕ್ಕೆ ಇಳಿಸಿ. ಆಗ 30 ಚಿತ್ರ, ಒಂದಕ್ಕೆ ಹದಿನಾರು ಕೆಬಿ ಸಿಗುತ್ತದೆ. ಪುಟ್ಟಿ ತಲೆ ಅಲ್ಲಾಡಿಸುವ ಕ್ಲಿಪ್ ಅನ್ನು ಹೀಗೆ ಇಳಿಸಿದೆ. ಸ್ವಲ್ಪ ಎಗರಿ ಎಗರಿ ಅಲ್ಲಾಡುತ್ತಾಳೆ, ಅದೇ ಇನ್ನೂ ಮಜವಾಗಿದೆ. ಕ್ಯಾಮೆರಾ ಅಲುಗಾಡಿದ ವಿಡಿಯೊ ತಗೊಳ್ಳಬೇಡಿ. ಹಿನ್ನೆಲೆಯೆಲ್ಲ ಪ್ರತಿ ಚಿತ್ರದಲ್ಲೂ ಬದಲಾದರೆ ಎಷ್ಟು ಇಳಿಸಿದರೂ ಭಾರ ಇಳಿಯುವುದಿಲ್ಲ.

ಚಲಿಸುವುದನ್ನೂ ಚಲಿಸದ್ದನ್ನೂ ಒಂದೇ ಪ್ಯಾಕಿಗೆ ಹಾಕಿದರೂ ವಾಟ್ಸ್ಆಪ್ ಒಪ್ಪುವುದಿಲ್ಲ. ಬೇರೆ ಬೇರೆ ಪ್ಯಾಕ್ ಮಾಡಿ.

ನಿನ್ನೆ ಕುಣಿಯುತ್ತಿದ್ದ ಸ್ಟಿಕರ್ ಇವತ್ತು ಸುಮ್ನೆ ನಿಂತಿದ್ದರೆ ಫೈಲು ಮುಟ್ಟಲೇ ಬೇಡಿ. ಎಲ್ಲ ಸ್ಟಿಕರುಗಳೂ ನಿಂತಿವೆಯಾ ನೋಡಿ. ಎಲ್ಲವೂ ನಿಂತಿದ್ದರೆ ಬ್ಯಾಟರಿ ಉಳಿತಾಯ ಅಥವಾ ಅನಿಮೇಷನ್ ನಿಲ್ಲಿಸುವ ಸ್ವಿಚ್ ಆನ್ ಆಗಿರಬಹುದು. ಟೆಲಿಗ್ರಾಂನಲ್ಲಿ ಪವರ್ ಸೇವಿಂಗ್ ಅನ್ನುವ ಭಾಗವೇ ಇದೆ, ಚಾರ್ಜ್ ಕಡಿಮೆಯಾದಾಗ ತಾನಾಗಿ ಸ್ಟಿಕರುಗಳನ್ನು ನಿಲ್ಲಿಸುತ್ತದೆ. ಫೋನ್ ಚಾರ್ಜಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಒಂದೇ ಒಂದು ನಿಂತಿದ್ದರೆ ಅದನ್ನು ಬೆರಳಲ್ಲಿ ತಟ್ಟಿ, ಕೆಲವು ಸುತ್ತು ಆದಮೇಲೆ ನಿಂತಿರಬಹುದು. ತಟ್ಟಿದರೂ ಅಲುಗಾಡದಿದ್ದರೆ ಯಾರೋ ಅದನ್ನು ಗ್ಯಾಲರಿಗೆ ಇಳಿಸಿ ಮತ್ತೆ ಹಾಕಿದ್ದಾರೆ, ಮೊದಲ ಚಿತ್ರ ಮಾತ್ರ ಉಳಿದಿದೆ.

ಮೆಚ್ಚಿನವು ಖಾಲಿ

ಒಂದು ಭಾನುವಾರ ಅಕ್ಕ ಫೋನ್ ಮಾಡಿದಳು. "ನನ್ನ ಸ್ಟಿಕರ್ ಎಲ್ಲ ಹೋಯ್ತು ಕಣೋ. ಪುಟ್ಟಿದೂ ಹೋಯ್ತು."

"ಪಟ್ಟಿಯೇ ಖಾಲಿನಾ, ಇಲ್ಲ ಬೂದು ಚೌಕ ಕಾಣ್ತಿದೆಯಾ?" ಅಂತ ಕೇಳಿದೆ.

"ಕೆಲವು ಕಡೆ ಬೂದು. ಹಳೆ ಚಾಟ್‌ನಲ್ಲೂ ಹಂಗೇ ಇದೆ."

ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಮೆಚ್ಚಿನವು ಕಾಣೆಯಾಗುವುದು ಮೂರು ಬಗೆ, ಮೂರಕ್ಕೂ ಬೇರೆ ಕಾರಣ. ಜಾಗ ಇದೆ, ಚಿತ್ರ ಮಾತ್ರ ಇಲ್ಲ ಅಂದರೆ ಗುರುತು ಉಳಿದಿದೆ, ಫೈಲು ಹೋಗಿದೆ. ಇಡೀ ಪಟ್ಟಿ ಖಾಲಿ ಅಂದರೆ ಹೊಸ ಫೋನ್, ಹೊಸದಾಗಿ ಹಾಕಿದ ಆಪ್, ಬ್ಯಾಕಪ್ ಇಲ್ಲದೆ ಲಾಗಿನ್ ಇಂಥದ್ದೇನೋ ಆಗಿದೆ. ಹೊಸವು ಇವೆ, ಹಳೆಯವು ಮಾತ್ರ ಇಲ್ಲ ಅಂದರೆ ಮಿತಿ ಮುಟ್ಟಿದೆ.

ಮೂರನೆಯದು ಟೆಲಿಗ್ರಾಂನಲ್ಲಿ ಜಾಸ್ತಿ. ಅಲ್ಲಿ ಹಣ ಕೊಡದ ಬಳಕೆದಾರರಿಗೆ ಮೆಚ್ಚಿನ ಸ್ಟಿಕರ್ 5 ಮಾತ್ರ, ಉಳಿಸಿದ ಜಿಫ್ 200. ಆರನೆಯ ಸ್ಟಿಕರಿಗೆ ನಕ್ಷತ್ರ ಒತ್ತಿದರೆ ಹಳೆಯದೊಂದು ಸದ್ದಿಲ್ಲದೆ ಹೊರಬೀಳುತ್ತದೆ. ಪ್ರೀಮಿಯಂನಲ್ಲಿ ಎರಡೂ ದುಪ್ಪಟ್ಟು. ಐದೇ ಸಾಲದು ಅನ್ನುವವರಿಗೆ ನನ್ನ ಸಲಹೆ ಹಣ ಕೊಡುವುದಲ್ಲ. ಬೇಕಾದವನ್ನೆಲ್ಲ ಸೇರಿಸಿ ನಿಮ್ಮದೇ ಒಂದು ಪ್ಯಾಕ್ ಮಾಡಿಕೊಳ್ಳಿ, ಆ ಐದರ ಮಿತಿ ಪ್ಯಾಕಿಗೆ ತಾಗುವುದಿಲ್ಲ. ಟೆಲಿಗ್ರಾಂನ ಈ ಪಟ್ಟಿಗಳು ನಿಮ್ಮ ಖಾತೆಯ ಜೊತೆ ಇರುತ್ತವೆ, ಫೋನ್ ಬದಲಿಸಿದರೂ ಬರುತ್ತವೆ.

ಅಕ್ಕನದು ಮೊದಲನೆಯ ಬಗೆ. "ಇತ್ತೀಚೆಗೆ ಫೋನ್ ಕ್ಲೀನ್ ಮಾಡಿದ್ಯಾ?" ಅಂದೆ. ಒಂದು ಕ್ಷಣ ಸುಮ್ಮನಾದಳು. ಹಿಂದಿನ ದಿನ ಜಾಗ ತುಂಬಿದೆ ಅಂತ ಫೋನ್ ಕಿರುಚಿತ್ತು. ಕ್ಲೀನರ್ ಆಪ್ ತೆರೆದಳು. ಅದರಲ್ಲಿ `STK-` ಅಂತ ಶುರುವಾಗುವ ನೂರಾರು ಪುಟ್ಟ ಫೈಲುಗಳು ಕಂಡವು. "ಏನೋ ಕಸ ಅಂತ ಎಲ್ಲ ಸೆಲೆಕ್ಟ್ ಮಾಡಿ ಅಳಿಸ್ದೆ."

ಅಲ್ಲೇ ಇತ್ತು ದೋಷ. ಆಂಡ್ರಾಯ್ಡ್‌ನಲ್ಲಿ ವಾಟ್ಸ್ಆಪ್‌ಗೆ ಬಂದ ಸ್ಟಿಕರುಗಳು `STK-20240312-WA0007.webp` ಅನ್ನುವ ಥರದ ಹೆಸರಿನಲ್ಲಿ `WhatsApp Stickers` ಫೋಲ್ಡರ್‌ನಲ್ಲಿ ಕೂರುತ್ತವೆ. ನಡುವಿನ ಅಂಕಿಗಳು ಬಂದ ದಿನಾಂಕ. ಚಾಟ್‌ನಲ್ಲಿ ಕಾಣುವುದು ಆ ಫೈಲೇ. ಅದನ್ನು ಕಸ ಅಂತ ಗುಡಿಸಿದರೆ ಚಾಟ್‌ಗೆ ತೋರಿಸಲು ಏನೂ ಉಳಿಯುವುದಿಲ್ಲ. ಇನ್ನೂ ಬೇಜಾರಿನ ಸಂಗತಿ ಏನೆಂದರೆ ಚಲಿಸದ ಒಂದು ಸ್ಟಿಕರ್ ಬಹಳ ಆದರೆ 100 ಕೆಬಿ. ಅಂಥವು ಐನೂರು ಅಳಿಸಿದರೂ 50 ಎಂಬಿ ಮೀರುವುದಿಲ್ಲ, ಅಂದರೆ ಒಂದೆರಡು ವಿಡಿಯೊ ಅಳಿಸಿದಷ್ಟೇ ಜಾಗ.

ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದ್ದು ಟ್ರ್ಯಾಶ್. ಗ್ಯಾಲರಿ ಅಥವಾ ಫೈಲ್ಸ್ ಆಪ್‌ನಿಂದ ಅಳಿಸಿದ್ದರೆ ಕೆಲವು ದಿನ ಅಲ್ಲೇ ಇರುತ್ತವೆ. ಮರಳಿಸಿದರೆ ಹಳೆಯ ಜಾಗಕ್ಕೇ ಹೋಗುತ್ತವೆ. ಅಕ್ಕ ಬಳಸಿದ ಕ್ಲೀನರಿಗೆ ಟ್ರ್ಯಾಶ್ ಇರಲಿಲ್ಲ, ನೇರ ಅಳಿಸಿಬಿಟ್ಟಿತ್ತು.

ಎರಡನೆಯ ದಾರಿ ಬೇರೆಯವರ ಫೋನ್. ನೀವು ಕಳಿಸಿದ ಸ್ಟಿಕರಿನ ಒಂದು ಪ್ರತಿ ಎದುರಿನವರ ಹತ್ತಿರ ಇರುತ್ತದೆ. ಅಕ್ಕ ನನಗೆ ದಿನಕ್ಕೆ ಹತ್ತು ಸ್ಟಿಕರ್ ಕಳಿಸುವವಳು, ಅದು ಆವತ್ತು ಉಪಯೋಗಕ್ಕೆ ಬಂತು. ನನ್ನ ಚಾಟ್ ಮೇಲಕ್ಕೆ ಸರಿಸುತ್ತ ಹೋಗಿ, ಒಂದೊಂದನ್ನೇ ಅವಳಿಗೆ ಫಾರ್ವರ್ಡ್ ಮಾಡಿದೆ. ಅವಳು ಒಂದೊಂದನ್ನೇ ತಟ್ಟಿ ಮೆಚ್ಚಿನವಕ್ಕೆ ಸೇರಿಸಿದಳು. ನಲವತ್ತೊಂದು ಸಿಕ್ಕವು. ಅವಳು ಬೇರೆ ಗೆಳತಿಯರಿಗೆ ಮಾತ್ರ ಕಳಿಸಿದ್ದವು ಅವರ ಹತ್ತಿರ ಕೇಳಬೇಕಾಯಿತು. ಯಾರಿಗೂ ಕಳಿಸದೆ ಬರೀ ಇಟ್ಟುಕೊಂಡಿದ್ದವು ಹೋದವು.

"ನನಗೆ ನಾನೇ ಕಳಿಸಿ ಇಟ್ಕೋತೀನಿ ಇನ್ಮೇಲೆ" ಅಂದಳು. ಅದು ಸಾಲದು. ನಿಮಗೆ ನೀವೇ ಕಳಿಸಿದ ಸ್ಟಿಕರೂ ಅದೇ ಫೋನಿನ ಅದೇ ಫೋಲ್ಡರ್‌ನಲ್ಲಿ ಕೂರುತ್ತದೆ. ಕ್ಲೀನರ್ ಬಂದರೆ ಅದನ್ನೂ ಗುಡಿಸುತ್ತದೆ. ಆ ಫೋಲ್ಡರನ್ನೇ ಕಂಪ್ಯೂಟರಿಗೋ ಕ್ಲೌಡ್‌ಗೋ ನಕಲು ಮಾಡಿ. ನೀವೇ ಮಾಡಿದ ಸ್ಟಿಕರುಗಳಿಗಾದರೆ ಕತ್ತರಿಸಿದ ಪಿಎನ್‌ಜಿ ಎತ್ತಿಡಿ. ಒಮ್ಮೆ ಕೂದಲು ಸರಿ ಮಾಡಿದ ಶ್ರಮ ಇನ್ನೊಮ್ಮೆ ಬೇಡ.

ಪುಟ್ಟಿಯ ನಾಲಿಗೆ ಚಾಚಿದ ಸ್ಟಿಕರ್ ನನ್ನ ಹತ್ತಿರ ಎರಡು ಇದ್ದವು. ಒಂದು ಬಿಳಿ ಡಬ್ಬದ್ದು, ಇನ್ನೊಂದು ಸರಿ ಮಾಡಿದ್ದು. ಅವಸರದಲ್ಲಿ ಡಬ್ಬದ್ದನ್ನೇ ಮೊದಲು ಕಳಿಸಿಬಿಟ್ಟೆ. ಅಕ್ಕ ಅದನ್ನೂ ಮೆಚ್ಚಿನವಕ್ಕೆ ಸೇರಿಸಿಕೊಂಡಿದ್ದಾಳೆ, ತೆಗೆ ಅಂದರೆ ತೆಗೆಯುತ್ತಿಲ್ಲ.